ಘಾಟಿ ಬಂದ್ ಆದರೆ ನಿಮ್ಮ ಅಗ್ರಿಮೆಂಟ್ ಏನು ಹೇಳುತ್ತದೆ?

ಬೆಂಗಳೂರಿನ ಪಾರ್ಟಿಯಿಂದ ಅಗ್ರಿಮೆಂಟ್ ಬಂದರೆ ನಮ್ಮಲ್ಲಿ ಹೆಚ್ಚಿನವರು ನೋಡುವುದು ರೇಟು, ಪೇಮೆಂಟಿನ ದಿನ, ಇಷ್ಟೇ. ಕೊನೆಯ ಪುಟಗಳಲ್ಲಿ ಬರುವ ‘ಫೋರ್ಸ್ ಮೆಜೂರ್’, ‘ಎನ್ ಬ್ಲಾಕ್’ ಎಂಬ ಫ್ರೆಂಚ್ ಮಾತುಗಳನ್ನು ಯಾರೂ ಓದುವುದಿಲ್ಲ. ಮೆಜೂರ್ ಅಂದರೆ ಮಜೂರಿ ಅಲ್ಲ ಮಾರಾಯ್ರೆ. ಫೋರ್ಸ್ ಮೆಜೂರ್ ಅಂದರೆ ನಮ್ಮ ಕೈಮೀರಿದ ಶಕ್ತಿ; ಅದರಿಂದ ಕೆಲಸ ತಡವಾದರೆ ಬಿಡುಗಡೆ ಕೊಡುವ ಕಲಮು ಇದು. ಎನ್ ಬ್ಲಾಕ್ ಅಂದರೆ ಇಡಿಯಾಗಿ, ಒಂದೇ ಲಾಟಿನಲ್ಲಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಾರ್ಕಳದ ಕಡೆ ನಿಮ್ಮದೊಂದು ಗೇರುಬೀಜದ ಫ್ಯಾಕ್ಟರಿ. 10 ಕಿಲೋದ 300 ಡಬ್ಬಿ ಗೋಡಂಬಿಯನ್ನು ಜುಲೈ 20ರೊಳಗೆ ಬೆಂಗಳೂರಿಗೆ ಮುಟ್ಟಿಸಬೇಕು. ಒಟ್ಟು 24 ಲಕ್ಷದ ಮಾಲು. ತಡವಾದರೆ, ಮುಟ್ಟದ ಮಾಲಿನ ಬೆಲೆಯ ಮೇಲೆ ದಿನಕ್ಕೆ ಅರ್ಧ ಶೇಕಡಾ ಕಡಿತ. 16ರ ರಾತ್ರಿ 150 ಡಬ್ಬಿಯ ಮೊದಲ ಗಾಡಿ ಶಿರಾಡಿ ದಾಟಿತು. ಮರುದಿನ ಗುಡ್ಡ ಕುಸಿದು ಎರಡನೇ ಗಾಡಿ ಗುಂಡ್ಯದಲ್ಲಿ ನಿಂತಿತು. ಅದು ಬೆಂಗಳೂರು ಮುಟ್ಟುವಾಗ 24.

ಮೊದಲು ಫೋರ್ಸ್ ಮೆಜೂರ್ ಕಲಮನ್ನು ತೆರೆದು ಅದರಲ್ಲಿರುವ ಪಟ್ಟಿ ನೋಡಿ. ಭೂಕಂಪ, ಯುದ್ಧ, ಪ್ರವಾಹ ಎಂದೆಲ್ಲ ಬರೆದಿರುತ್ತಾರೆ. ‘ಭೂಕುಸಿತ’, ‘ಸರ್ಕಾರಿ ಆದೇಶದಿಂದ ರಸ್ತೆ ಬಂದ್’ ಇದೆಯಾ? ಇಲ್ಲದಿದ್ದರೆ ನೀವು ವಾದ ಮಾಡಬೇಕಾಗುತ್ತದೆ. ‘ಮಳೆ’ ಅಂತ ಸುಮ್ನೆ ಬರೆದರೆ ಪ್ರಯೋಜನ ಕಡಿಮೆ. ಜುಲೈಯಲ್ಲಿ ಕರಾವಳಿಯಲ್ಲಿ ಮಳೆ ಬರುತ್ತದೆ ಅಂತ ಸಹಿ ಹಾಕುವಾಗಲೇ ಗೊತ್ತಿತ್ತಲ್ವಾ ಎಂದು ಎದುರು ಪಾರ್ಟಿ ಕೇಳುತ್ತದೆ.

ಪಟ್ಟಿಯೇ ಇಲ್ಲ, ಕಲಮೇ ಇಲ್ಲ ಎಂದಾದರೆ ಉಳಿಯುವುದು 1872ರ ಕರಾರು ಕಾಯ್ದೆಯ ಸೆಕ್ಷನ್ 56. ಅದು ಕೆಲಸ ಮಾಡುವುದೇ ಅಸಾಧ್ಯವಾದಾಗ ಮಾತ್ರ ಬಿಡುಗಡೆ ಕೊಡುತ್ತದೆ. ನಾಲ್ಕು ದಿನದ ತಡಕ್ಕೆ ಅದರ ಆಸೆ ಬೇಡ. ಬೆಲೆ ಏರಿದ್ದಕ್ಕಂತೂ ಬೇಡವೇ ಬೇಡ. ಇಂಡೋನೇಷ್ಯಾದ ಕಲ್ಲಿದ್ದಲು ತುಟ್ಟಿಯಾಯಿತು ಎಂದು ವಿದ್ಯುತ್ ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋಗಿದ್ದವು. ಖರ್ಚು ಜಾಸ್ತಿಯಾಯಿತು ಎಂಬುದು ಫೋರ್ಸ್ ಮೆಜೂರ್ ಅಲ್ಲ ಎಂದು 2017ರಲ್ಲಿ ಕೋರ್ಟು ಹೇಳಿತು. ಆಫ್ರಿಕಾದಿಂದ ಬರುವ ಕಚ್ಚಾ ಗೇರುಬೀಜದ ರೇಟು ಏರಿದರೂ ಇದೇ ಉತ್ತರ.

ಎರಡನೆಯದು ನೋಟಿಸು. ಹೆಚ್ಚಿನ ಕಲಮುಗಳಲ್ಲಿ ಇಷ್ಟು ಗಂಟೆ ಅಥವಾ ಇಷ್ಟು ದಿನದೊಳಗೆ ಲಿಖಿತವಾಗಿ ತಿಳಿಸಬೇಕು ಎಂದಿರುತ್ತದೆ. ಫೋನಿನಲ್ಲಿ ‘ಗಾಡಿ ನಿಂತಿದೆ ಸಾರ್’ ಎಂದರೆ ಲೆಕ್ಕಕ್ಕಿಲ್ಲ. ಗುಡ್ಡ ಕುಸಿದ ದಿನವೇ ಇಮೇಲ್ ಹಾಕಿ. ಯಾವ ಆರ್ಡರು, ಯಾವ ಗಾಡಿ, ಎಲ್ಲಿ ನಿಂತಿದೆ, ಎಷ್ಟು ಡಬ್ಬಿ, ಯಾವ ಕಲಮಿನ ಕೆಳಗೆ ಸಮಯ ಕೇಳುತ್ತಿದ್ದೀರಿ ಎಂದು ಬರೆಯಿರಿ. ಜೊತೆಗೆ ರಸ್ತೆ ಬಂದ್ ಮಾಡಿದ ಜಿಲ್ಲಾಧಿಕಾರಿಯ ಆದೇಶ, ಇ-ವೇ ಬಿಲ್, ಲಾರಿ ರಸೀದಿಯ ಪ್ರತಿ ಇರಲಿ.

ಕೇಸು ಸೋಲಬಹುದಾದ ಇನ್ನೊಂದು ಜಾಗ ಮೂರನೆಯದು. ಬೇರೆ ದಾರಿ ಇರಲಿಲ್ಲವೇ? 150 ಡಬ್ಬಿ ಅಂದರೆ ಒಂದೂವರೆ ಟನ್. ಗಾಡಿ ನಿಂತಿದ್ದ ಆ ದಿನಗಳಲ್ಲಿ ಚಾರ್ಮಾಡಿಯಲ್ಲಿ ಸಣ್ಣ ಗಾಡಿ ಬಿಡುತ್ತಿದ್ದರೆ, ಮಾಲನ್ನು ಪಿಕಪ್‌ಗೆ ಬದಲಾಯಿಸಿ ಕಳಿಸಬಹುದಿತ್ತು. ಬಾಡಿಗೆ ಜಾಸ್ತಿಯಾಗುತ್ತಿತ್ತು ಎಂಬುದು ನೆವ ಆಗುವುದಿಲ್ಲ. 2018ರ ಆಗಸ್ಟಿನಂತೆ ಶಿರಾಡಿ, ಸಂಪಾಜೆ ಎರಡೂ ಕಡೆ ಗುಡ್ಡ ಕುಸಿದಾಗಿನ ಮಾತು ಬೇರೆ. ನೀವು ಏನೇನು ಪ್ರಯತ್ನ ಮಾಡಿದಿರಿ, ಟ್ರಾನ್ಸ್‌ಪೋರ್ಟಿನವರು ಏನು ಹೇಳಿದರು, ಅದನ್ನು ಆಗಿಂದಾಗಲೇ ವಾಟ್ಸ್‌ಆಪಿನಲ್ಲಾದರೂ ಬರೆಸಿಕೊಳ್ಳಿ.

ಈಗ ಎನ್ ಬ್ಲಾಕ್. ಅಗ್ರಿಮೆಂಟಿನಲ್ಲಿ ‘ಮಾಲನ್ನು ಎನ್ ಬ್ಲಾಕ್ ಒಪ್ಪಿಸತಕ್ಕದ್ದು’ ಎಂದಿದ್ದರೆ, 300 ಡಬ್ಬಿ ಒಟ್ಟಿಗೆ ಮುಟ್ಟುವ ತನಕ ಏನೂ ಮುಟ್ಟಿಲ್ಲ ಎಂದು ಪಾರ್ಟಿ ವಾದಿಸಬಹುದು. ಆಗ ಕಡಿತ ಇಡೀ 24 ಲಕ್ಷದ ಮೇಲೆ, ದಿನಕ್ಕೆ 12,000, ನಾಲ್ಕು ದಿನಕ್ಕೆ 48,000. ಕಂತಿನಲ್ಲಿ ಕಳಿಸಬಹುದು ಎಂದಿದ್ದರೆ ತಡವಾದ ಅರ್ಧಕ್ಕೆ ಮಾತ್ರ, ಅಂದರೆ 24,000. ಈ ಪದ ಇಲ್ಲದಿದ್ದರೂ ನೀವು ನಿಶ್ಚಿಂತರಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ ಕೊಳ್ಳುವವರು ಕಂತಿನಲ್ಲಿ ಬಂದ ಮಾಲನ್ನು ತೆಗೆದುಕೊಳ್ಳಬೇಕಿಲ್ಲ ಎನ್ನುತ್ತದೆ 1930ರ ಸರಕು ಮಾರಾಟ ಕಾಯ್ದೆಯ ಸೆಕ್ಷನ್ 38.

ಎನ್ ಬ್ಲಾಕ್ ಯಾವಾಗಲೂ ನಮಗೆ ಎದುರಲ್ಲ. ಸ್ಟಾಕ್ ಖಾಲಿ ಮಾಡಲು ಒಟ್ಟು ಲಾಟ್ ಮಾರುವಾಗ ‘ಎನ್ ಬ್ಲಾಕ್ ಮಾರಾಟ’ ಎಂದು ನೀವೇ ಹಾಕಿಸಿಕೊಳ್ಳಿ. ಪಾರ್ಟಿ ಇಡೀ ಬೀಜ ಆರಿಸಿ ಇಟ್ಟುಕೊಂಡು ತುಂಡು ಬೀಜ ವಾಪಸ್ ಕಳಿಸುವ ಹಾಗಿಲ್ಲ.

ಮಳೆಗಾಲದ ಆರ್ಡರಿಗೆ ಸಹಿ ಹಾಕುವ ಮುಂಚೆ ಈ ಎರಡು ಸಾಲು ಸೇರಿಸಲು ಕೇಳಿ: ‘ಮಾಲನ್ನು ಎರಡು ಕಂತಿನಲ್ಲಿ ಕಳಿಸಬಹುದು, ಪ್ರತಿ ಕಂತಿನ ಹಣ ಬೇರೆ ಬೇರೆ ಪಾವತಿ. ಭೂಕುಸಿತದಿಂದ ಅಥವಾ ಸರ್ಕಾರಿ ಆದೇಶದಿಂದ ಘಾಟಿ ರಸ್ತೆ ಬಂದ್ ಆದರೆ, ಬಂದ್ ಇದ್ದಷ್ಟು ದಿನ ಗಡುವು ಮುಂದಕ್ಕೆ.’