ಐದು ಮಿಲಿಗ್ರಾಂ ಫೋಲಿಕ್ ಆಮ್ಲ ಯಾರಿಗೆ, ಯಾವಾಗ: ನನ್ನ ಅನುಭವ

ಕೊಡಗಿನಲ್ಲಿ ಪ್ರಸೂತಿ ವೈದ್ಯೆಯಾಗಿರುವ ನನ್ನ ಬಳಿಗೆ ಹೆಚ್ಚಿನವರು ಬರುವುದು ಎರಡನೇ ತಿಂಗಳ ಮುಟ್ಟೂ ತಪ್ಪಿದ ಮೇಲೆ. ಕಾಫಿ ಕೊಯ್ಲಿನ ದಿನಗಳಲ್ಲಿ ಇನ್ನೂ ತಡ. ಆದರೆ ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗುವ ನರಕೊಳವೆ ಗರ್ಭ ಕಟ್ಟಿದ 28 ದಿನಗಳೊಳಗೆ, ಅಂದರೆ ಕಡೆಯ ಮುಟ್ಟಿನಿಂದ ಎಣಿಸಿದರೆ ಸುಮಾರು ಆರು ವಾರಕ್ಕೆ, ಮುಚ್ಚಿಕೊಂಡಿರುತ್ತದೆ. ಅದು ಸರಿಯಾಗಿ ಮುಚ್ಚಲು ನೆರವಾಗುವ ಬಿ ಗುಂಪಿನ ಜೀವಸತ್ವವೇ ಫೋಲಿಕ್ ಆಮ್ಲ. ಎಂಟನೇ ವಾರದಲ್ಲಿ ಶುರುಮಾಡಿದರೆ ಅದು ರಕ್ತಕ್ಕೆ ಒದಗುತ್ತದೆಯೇ ಹೊರತು ಆ ಕೊಳವೆಗೆ ಒದಗುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಎಲ್ಲರಿಗೂ ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ ಹನ್ನೆರಡು ವಾರ ತುಂಬುವವರೆಗೆ ಎಂದು ಬರೆಯುತ್ತೇನೆ.

ಹೆಚ್ಚಿನ ಪ್ರಮಾಣದ ಪ್ರಶ್ನೆ ಸ್ಪಷ್ಟವಾಗಿ ಎದುರಾದದ್ದು ಇನ್ನೊಂದು ಮಗು ಬೇಕೆಂದು ತೋಟದ ಲೈನ್‌ಮನೆಯಿಂದ ಬಂದ ಒಬ್ಬ ತಾಯಿಯಲ್ಲಿ. ನರಕೊಳವೆ ಮುಚ್ಚಿಕೊಳ್ಳದೆ ಆಕೆಯ ಮೊದಲ ಮಗುವಿಗೆ ತಲೆಬುರುಡೆಯೇ ಬೆಳೆದಿರಲಿಲ್ಲ. ಜೊತೆಗೆ ಫಿಟ್ಸ್‌ಗೆ ವಾಲ್‌ಪ್ರೊಯೇಟ್ ನುಂಗುತ್ತಿದ್ದರು; ಅದೂ ಈ ದೋಷದ ಅಪಾಯವನ್ನು ಹೆಚ್ಚಿಸುವ ಔಷಧ. "ಆಶಾ ಅಕ್ಕ ಕೊಟ್ಟ ಕೆಂಪು ಮಾತ್ರೆ ತಗೊಳ್ತಾ ಇದ್ದೀನಲ್ಲ ಡಾಕ್ಟ್ರೇ, ಸಾಕಾಗಲ್ವಾ?" ಎಂದು ಕೇಳಿದರು. ಆ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದೊಂದಿಗೆ ಇರುವುದು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಆಕೆಗೆ ಬೇಕಾದದ್ದು ಅದರ ಹತ್ತು ಪಟ್ಟು, ಅಂದರೆ 5 ಮಿಲಿಗ್ರಾಂ. ಹಾಗೆಂದು ಕೆಂಪು ಮಾತ್ರೆಯನ್ನೇ ಹತ್ತು ನುಂಗಿದರೆ ಕಬ್ಬಿಣ ವಿಷವಾಗುತ್ತದೆ. ಆದ್ದರಿಂದ ಫೋಲಿಕ್ ಆಮ್ಲ ಮಾತ್ರವೇ ಇರುವ 5 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೊಂದರಂತೆ ಬರೆದೆ.

ಈ ಪ್ರಮಾಣಕ್ಕೆ ಆಕೆಯಲ್ಲಿದ್ದ ಎರಡು ಕಾರಣಗಳ ತೂಕ ಒಂದೇ ಅಲ್ಲ. ಹಿಂದಿನ ಮಗುವಿಗೆ ನರಕೊಳವೆಯ ದೋಷವಿದ್ದ ತಾಯಂದಿರಲ್ಲಿ 4 ಮಿಲಿಗ್ರಾಂ ಕೊಟ್ಟಾಗ ದೋಷ ಮರುಕಳಿಸುವುದು ಸುಮಾರು ಶೇಕಡಾ 72ರಷ್ಟು ತಗ್ಗಿತೆಂದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗ ತೋರಿಸಿದೆ. ನಮ್ಮ ಅಂಗಡಿಗಳಲ್ಲಿ ಸಿಗುವುದು 5 ಮಿಲಿಗ್ರಾಮಿನದಾದ್ದರಿಂದ ಅದನ್ನೇ ಕೊಡುತ್ತೇವೆ. ಫಿಟ್ಸ್ ಮಾತ್ರೆಯ ವಿಷಯದಲ್ಲಿ ಅಷ್ಟು ಗಟ್ಟಿ ಪುರಾವೆಯಿಲ್ಲ, ಮಾರ್ಗಸೂಚಿಗಳಲ್ಲೂ ಒಮ್ಮತವಿಲ್ಲ. ವಾಲ್‌ಪ್ರೊಯೇಟ್ ತರುವ ಅಪಾಯವನ್ನು ಫೋಲಿಕ್ ಆಮ್ಲ ಪೂರ್ತಿ ಅಳಿಸುವುದಿಲ್ಲ ಎಂಬುದನ್ನು ಆಕೆಗೂ ಗಂಡನಿಗೂ ಬಿಡಿಸಿ ಹೇಳಿದೆ.

ಆದ್ದರಿಂದ ಮಾತ್ರೆ ಬರೆದಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಮೈಸೂರಿನ ನರರೋಗ ತಜ್ಞರು ವಾಲ್‌ಪ್ರೊಯೇಟನ್ನು ಹಂತಹಂತವಾಗಿ ಇಳಿಸಿ, ಗರ್ಭಕ್ಕೆ ಅದಕ್ಕಿಂತ ಕಡಿಮೆ ಅಪಾಯದ ಫಿಟ್ಸ್ ಔಷಧ ಲೆವೆಟಿರಾಸಿಟಮ್‌ಗೆ ಬದಲಿಸಿದರು. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಿ ತಾಯಿಯ ಜೀವಕ್ಕೇ ಕುತ್ತು. ಅದು ಮುಗಿಯುವ ತನಕ ಗರ್ಭನಿರೋಧಕ ಬಳಸಲು ತಿಳಿಸಿದೆವು. ಹೆಚ್ಚು ಫೋಲಿಕ್ ಆಮ್ಲವು ಬಿ12 ಕೊರತೆಯ ರಕ್ತಹೀನತೆಯನ್ನು ಮರೆಮಾಡಿ ನರಗಳಿಗಾಗುವ ಹಾನಿಯನ್ನು ಹಾಗೆಯೇ ಬಿಡಬಹುದಾದ್ದರಿಂದ ಬಿ12 ಪರೀಕ್ಷೆಯನ್ನೂ ಮಾಡಿಸಿದೆ. ಫಿಟ್ಸ್‌ಗೆ ಕೊಡುವ ಇನ್ನೊಂದು ಔಷಧವಾದ ಫೆನಿಟಾಯಿನ್ ನುಂಗುವವರಾಗಿದ್ದರೆ ಇನ್ನೊಂದು ಎಚ್ಚರ ಬೇಕಿತ್ತು: ಫೋಲಿಕ್ ಆಮ್ಲ ಹೆಚ್ಚಾದರೆ ರಕ್ತದಲ್ಲಿ ಆ ಔಷಧದ ಮಟ್ಟ ಇಳಿಯುತ್ತದೆ.

ಗರ್ಭ ನಿಂತ ಮೇಲೆ ಹನ್ನೆರಡನೇ ವಾರದ ಹೊತ್ತಿನ ಸ್ಕ್ಯಾನಿನಲ್ಲಿ ತಲೆಬುರುಡೆಯನ್ನು ನೋಡಿದೆವು. ಬೆನ್ನೆಲುಬನ್ನು ಸರಿಯಾಗಿ ನೋಡಲು ಹದಿನೆಂಟರಿಂದ ಇಪ್ಪತ್ತು ವಾರದ ಸ್ಕ್ಯಾನ್ ಬೇಕೇ ಬೇಕು. ಹನ್ನೆರಡು ವಾರ ತುಂಬಿದೊಡನೆ 5 ಮಿಲಿಗ್ರಾಂ ನಿಲ್ಲಿಸಿ, ದಿನಕ್ಕೊಂದು ಕೆಂಪು ಮಾತ್ರೆಗೆ ಬದಲಿಸಿದೆ.