ಲೆಕ್ಕದಲ್ಲಿ ಬಲ ಜಾಸ್ತಿ, ಮಷೀನಿನಲ್ಲಿ ಅದುರಾಟ ಕಡಿಮೆ: ಒಂದು ಕ್ಯಾಮ್ ಬದಲಿಸಿದ ಅನುಭವ

ಪೆಟ್ಟಿಗೆಗಳನ್ನು ಒಂದೊಂದಾಗಿ ಪಕ್ಕದ ಬೆಲ್ಟಿಗೆ ತಳ್ಳುವ ಮಷೀನು ಅದು. ತಳ್ಳುವ ಪ್ಲೇಟು ಒಂದು ಉದ್ದ ತೋಳಿನ ತುದಿಯಲ್ಲಿದೆ. ತೋಳನ್ನು ಓಡಿಸುವುದು ಗ್ರೂವ್ ಕ್ಯಾಮ್, ಅಂದರೆ ತಿರುಗುವ ತಟ್ಟೆಯಲ್ಲಿ ಕೊರೆದ ತೋಡಿನ ಎರಡು ಗೋಡೆಗಳ ನಡುವೆ ರೋಲರ್ ಸಿಕ್ಕಿಕೊಂಡು ಓಡುತ್ತದೆ. ಕ್ಯಾಮ್ 90 ಡಿಗ್ರಿ ತಿರುಗುವಷ್ಟರಲ್ಲಿ ಪ್ಲೇಟು 30 ಮಿ.ಮೀ. ಮುಂದೆ ಹೋಗಬೇಕು, ಸ್ವಲ್ಪ ಹೊತ್ತು ನಿಲ್ಲಬೇಕು, ವಾಪಸ್ ಬರಬೇಕು. ನಿಮಿಷಕ್ಕೆ 150 ಸುತ್ತಿನಲ್ಲಿ ಅದು ಚೆನ್ನಾಗಿಯೇ ಓಡುತ್ತಿತ್ತು. ಬೇಕಾಗಿದ್ದದ್ದು 300. ವೇಗ ಏರಿಸುತ್ತಾ ಹೋದಂತೆ ಕಟಕಟ ಸದ್ದು ಶುರುವಾಯಿತು. ಪ್ಲೇಟು ನಿಂತ ಮೇಲೂ ನಡುಗುತ್ತಿತ್ತು, ಪೆಟ್ಟಿಗೆಗಳು ಓರೆಯಾಗಿ ಬೀಳುತ್ತಿದ್ದವು.

ಇಂಥ ಹೊತ್ತಲ್ಲಿ ಬೇರಿಂಗ್ ಬದಲಿಸು, ಬೋಲ್ಟ್ ಬಿಗಿ ಮಾಡು ಎಂದು ಹೊರಡುವ ಮುಂಚೆ ನಾನು ನೋಡುವುದು ಒಂದೇ: ಈ ಅದುರಾಟದ ಫ್ರೀಕ್ವೆನ್ಸಿ ಸುತ್ತಿನ ಜೊತೆ ಬದಲಾಗುತ್ತದೆಯೋ ಇಲ್ಲವೋ. ಮೊದಲು ಮಷೀನ್ ನಿಲ್ಲಿಸಿ, ಪ್ಲೇಟಿನ ಮೇಲೆ ಆಕ್ಸಿಲರೋಮೀಟರ್ ಅಂಟಿಸಿ, ಮೆತ್ತನೆ ತಲೆಯ ಸುತ್ತಿಗೆಯಿಂದ ತಟ್ಟಿದೆ. ತೋಳು ಸೆಕೆಂಡಿಗೆ ಸುಮಾರು 80 ಸಲ ಅದುರಿ ನಿಂತಿತು. ಆಮೇಲೆ ಓಡಿಸಿ ನೋಡಿದೆ. 200 ಸುತ್ತಿನಲ್ಲೂ 250ರಲ್ಲೂ ಪ್ಲೇಟು ನಿಂತ ಕ್ಷಣದ ನಂತರ ಕಾಣುವ ಅಲೆ ಅದೇ 80 ಹರ್ಟ್ಸ್. ಸುತ್ತಿನ ಜೊತೆ ಅದು ಬದಲಾಗಲಿಲ್ಲ. ಬೇರಿಂಗ್ ಅಥವಾ ಗೇರಿನ ದೋಷವಾಗಿದ್ದರೆ ಸುತ್ತು ಏರಿದಂತೆ ಅದೂ ಏರಬೇಕಿತ್ತು. ಇಲ್ಲಿ ಕ್ಯಾಮ್ ತೋಳಿಗೆ ಗುದ್ದು ಕೊಡುತ್ತಿದೆ, ತೋಳು ತನ್ನ ಪಾಡಿಗೆ ಗಂಟೆಯ ಹಾಗೆ ನಾದ ಹಿಡಿಯುತ್ತಿದೆ ಅನ್ನುವುದು ಸ್ಪಷ್ಟವಾಯಿತು.

ಗುದ್ದು ಎಲ್ಲಿಂದ ಬರುತ್ತಿದೆ? ಕ್ಯಾಮನ್ನು ಬಿಚ್ಚಿ ಡಿಗ್ರಿ ಡಿಗ್ರಿಗೆ ಡಯಲ್ ಗೇಜ್ ಹಿಡಿದು ಅಳೆದೆ. ಪ್ಲೇಟು ಮುಂದೆ ಹೋಗುವ ಭಾಗದ, ಅಂದರೆ ಏರಿಕೆಯ ಗೆರೆ ಸಿಂಪಲ್ ಹಾರ್ಮೋನಿಕ್ ಆಗಿತ್ತು. ಪಾಠಗಳಲ್ಲಿ ಮೊದಲು ಕಲಿಸುವ ಗೆರೆ ಅದು. ಸ್ಥಾನದ ಗ್ರಾಫ್ ನೋಡಿದರೆ ಎಷ್ಟು ನಯವಾಗಿದೆ ಅನ್ನಿಸುತ್ತದೆ. ವೇಗದ ಗ್ರಾಫ್ ಕೂಡ ಸೊನ್ನೆಯಿಂದ ಶುರುವಾಗಿ ಸೊನ್ನೆಗೆ ಬಂದು ನಿಲ್ಲುತ್ತದೆ. ತೊಂದರೆ ಕಾಣುವುದು ಅದರ ಮುಂದಿನ ಗ್ರಾಫಿನಲ್ಲಿ, ಆಕ್ಸಿಲರೇಶನ್‌ನಲ್ಲಿ. ಅದು ಕೊಸೈನ್ ಆಕಾರ. ಹಾಗಾಗಿ ಏರಿಕೆ ಶುರುವಾಗುವ ಕ್ಷಣದಲ್ಲೇ ಪೂರ್ತಿ ಗರಿಷ್ಠ ಮಟ್ಟದಲ್ಲಿರುತ್ತದೆ. ಅದಕ್ಕೆ ಮುಂಚೆ ಪ್ಲೇಟು ನಿಂತಿತ್ತು, ಆಕ್ಸಿಲರೇಶನ್ ಸೊನ್ನೆ. ನಡುವೆ ಹೊತ್ತೇ ಇಲ್ಲ. ಸೊನ್ನೆಯಿಂದ ತುದಿಗೆ ಒಂದೇ ನೆಗೆತ, ಕೊನೆಯಲ್ಲಿ ಮತ್ತೆ ಅಂಥದೇ ಒಂದು ನೆಗೆತ. ನಿಲುಗಡೆಯೇ ಇಲ್ಲದೆ ಸದಾ ಹಿಂದೆ ಮುಂದೆ ಓಡುವ ಕ್ಯಾಮ್ ಆಗಿದ್ದರೆ ಇದೇ ಗೆರೆ ಒಳ್ಳೆಯದು. ನಿಲುಗಡೆ ಇದ್ದಾಗ ಮಾತ್ರ ಅದು ಕಾಡುತ್ತದೆ.

ಇದರ ಜಾಗಕ್ಕೆ ನಾನು ಆರಿಸಿದ್ದು ಸೈಕ್ಲಾಯ್ಡಲ್ ಗೆರೆ:

```
s = h * (x - sin(2πx) / (2π))      x = θ/β, 0..1
a = (h / T²) * 2π * sin(2πx)
```

ಇಲ್ಲಿ `s` ಪ್ಲೇಟಿನ ಸ್ಥಾನ, `a` ಆಕ್ಸಿಲರೇಶನ್, `h` ಒಟ್ಟು ಏರಿಕೆ, `T` ಏರಿಕೆಗೆ ಹಿಡಿಯುವ ಸಮಯ, `θ` ಏರಿಕೆ ಶುರುವಾದಾಗಿನಿಂದ ಕ್ಯಾಮ್ ತಿರುಗಿದ ಕೋನ, `β` ಏರಿಕೆಗೆ ಬಿಟ್ಟ ಒಟ್ಟು ಕೋನ. ಆಕ್ಸಿಲರೇಶನ್ ಒಂದು ಪೂರ್ತಿ ಸೈನ್ ಅಲೆ. ಸೊನ್ನೆಯಿಂದ ಏರಿ, ಇಳಿದು, ಸೊನ್ನೆಗೇ ಬಂದು ಸೇರುತ್ತದೆ.

ಈಗ ಲೆಕ್ಕ ನೋಡಿ. 300 ಸುತ್ತಿನಲ್ಲಿ 90 ಡಿಗ್ರಿಗೆ ಸಿಗುವ ಸಮಯ 0.05 ಸೆಕೆಂಡ್. ಹಾರ್ಮೋನಿಕ್ ಗೆರೆಯ ಗರಿಷ್ಠ ಆಕ್ಸಿಲರೇಶನ್ ಸುಮಾರು 59 ಮೀ/ಸೆ². ಸೈಕ್ಲಾಯ್ಡಲ್‌ಗೆ ಸುಮಾರು 75. ಹೊಸ ಗೆರೆಯಲ್ಲಿ ಬಲ ಕಾಲು ಭಾಗಕ್ಕಿಂತ ಜಾಸ್ತಿ! ಜೊತೆಗಿದ್ದ ಡಿಸೈನರ್ ಇದನ್ನು ನೋಡಿ, "ಅಲ್ಲಾ ಸಾರ್, ಅದುರಾಟ ಕಡಿಮೆ ಮಾಡೋಕೆ ಹೋಗಿ ಬಲ ಹೆಚ್ಚಿಸ್ತಾ ಇದ್ದೀರಲ್ಲ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ತೋಳು ಕಲ್ಲಿನಷ್ಟು ಗಟ್ಟಿಯಾಗಿದ್ದರೆ ಅವರ ಮಾತೇ ಸರಿ.

ಆದರೆ ತೋಳು ಗಟ್ಟಿಯಲ್ಲ, ಅದು ಒಂದು ಸ್ಪ್ರಿಂಗ್. ಬಸ್ಸಿನಲ್ಲಿ ನಿಂತು ಹೋಗುವವರಿಗೆ ಇದು ಗೊತ್ತು: ಒಂದೇ ಸಮನೆ ಬ್ರೇಕ್ ಹಿಡಿದರೆ ಮೈ ಸ್ವಲ್ಪ ವಾಲಿಸಿ ನಿಭಾಯಿಸಬಹುದು, ಬಸ್ಸು ಪೂರ್ತಿ ನಿಂತು ಆ ಬಲ ತಟ್ಟನೆ ಮಾಯವಾದಾಗಲೇ ಮುಗ್ಗರಿಸುವುದು. ಸ್ಪ್ರಿಂಗಿಗೆ ನಿಧಾನವಾಗಿ ಬಲ ಕೊಟ್ಟರೆ ಅದಕ್ಕೆ ತಕ್ಕಷ್ಟೇ ಬಾಗುತ್ತದೆ. ಅದೇ ಬಲವನ್ನು ತಟ್ಟನೆ ಕೊಟ್ಟರೆ ದುಪ್ಪಟ್ಟು ಬಾಗಿ, ಹಿಂದೆ ಮುಂದೆ ತೂಗುತ್ತದೆ. ಇಲ್ಲಿ ನಿಧಾನ, ತಟ್ಟನೆ ಅನ್ನುವುದು ನಮ್ಮ ಕಣ್ಣಿನ ಅಳತೆಯಲ್ಲ, ತೋಳಿನ ಅಳತೆ. 80 ಹರ್ಟ್ಸ್ ತೋಳಿಗೆ ಒಂದು ತೂಗಾಟಕ್ಕೆ 0.0125 ಸೆಕೆಂಡ್ ಬೇಕು. ಬಲ ಏರುವ ಸಮಯ ಅದಕ್ಕೆ ಹೋಲಿಸಿದರೆ ಉದ್ದವಿದ್ದರೆ ತೋಳು ಸುಮ್ನೆ ಹಿಂಬಾಲಿಸುತ್ತದೆ.

ಹಾಗಾಗಿ ನಾನು ಮೊದಲು ಬರೆದುಕೊಳ್ಳುವ ಸಂಖ್ಯೆ, ಏರಿಕೆಯ ಸಮಯದಲ್ಲಿ ತೋಳು ಎಷ್ಟು ಸಲ ತೂಗಬಲ್ಲದು ಎಂಬುದು. ಇಲ್ಲಿ 80 × 0.05 = 4. ಈ ಸಂಖ್ಯೆಯನ್ನು `n` ಅನ್ನೋಣ. ಅದುರಾಟವನ್ನು ತಗ್ಗಿಸುವ ಡ್ಯಾಂಪಿಂಗ್ ಇಲ್ಲವೆಂದು ಹಿಡಿದರೆ, ಏರಿಕೆ ಮುಗಿದ ಮೇಲೆ ಉಳಿಯುವ ಅದುರಾಟ ಹಾರ್ಮೋನಿಕ್ ಗೆರೆಗೆ ಗರಿಷ್ಠ ಆಕ್ಸಿಲರೇಶನ್ನಿನ ಎರಡು ಪಟ್ಟಿನ ತನಕ ಹೋಗಬಹುದು. ಶುರುವಿನ ಗುದ್ದು, ಕೊನೆಯ ಗುದ್ದು ಎರಡೂ ಒಂದರ ಮೇಲೊಂದು ಕೂಡಿಕೊಂಡಾಗ ಹೀಗಾಗುತ್ತದೆ. ಸೈಕ್ಲಾಯ್ಡಲ್‌ಗೆ ಆ ಪಟ್ಟು `2n/(n²-1)`, ಅಂದರೆ ಇಲ್ಲಿ ಸುಮಾರು 0.53. ಮೊದಲನೆಯದು 120 ಮೀ/ಸೆ², ಎರಡನೆಯದು 40. ಪ್ಲೇಟಿನ ತುದಿಯಲ್ಲಿ ನೋಡಿದರೆ ಆ ಕಡೆ ಈ ಕಡೆ ಅರ್ಧ ಮಿ.ಮೀ. ಹತ್ತಿರ ತೂಗುತ್ತಿದ್ದದ್ದು 0.16 ಮಿ.ಮೀ.ಗೆ ಇಳಿಯುತ್ತದೆ. ಕಾಗದದ ಮೇಲೆ ಬಲ ಜಾಸ್ತಿ ಇದ್ದರೂ ಉಳಿಯುವ ನಡುಕ ಮೂರನೇ ಒಂದು ಭಾಗ.

ಇವು ಕೆಟ್ಟ ಸಂದರ್ಭದ ಅಂಕಿಗಳು. `n` ಸರಿಯಾಗಿ 4 ಆದರೆ ಸೈಕ್ಲಾಯ್ಡಲ್ ಗೆರೆಯ ಉಳಿಕೆ ಲೆಕ್ಕದ ಪ್ರಕಾರ ಸೊನ್ನೆ. 4.5 ಆದರೆ ಹಾರ್ಮೋನಿಕ್‌ನದೂ ಸೊನ್ನೆ. ಅದನ್ನು ನಂಬಿ ಡಿಸೈನ್ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪೆಟ್ಟಿಗೆಯ ತೂಕ ಬದಲಾದರೂ, ಬೋಲ್ಟ್ ಕೊಂಚ ಸಡಿಲವಾದರೂ 80 ಹರ್ಟ್ಸ್ 75 ಆಗುತ್ತದೆ. ಕೆಟ್ಟ ಸಂದರ್ಭವೂ ಸಹಿಸುವಷ್ಟಿರಬೇಕು.

ಕಡಿಮೆ ವೇಗದಲ್ಲಿ ಇದೆಲ್ಲ ಯಾಕೆ ಕಾಣಲಿಲ್ಲ? 150 ಸುತ್ತಿನಲ್ಲಿ ಆಕ್ಸಿಲರೇಶನ್ ನಾಲ್ಕನೇ ಒಂದು ಭಾಗ. ಜೊತೆಗೆ ನಿಲುಗಡೆಯ ಸಮಯ ದುಪ್ಪಟ್ಟು, ಅದುರಾಟ ತಾನಾಗಿ ಸಾಯಲು ಪುರುಸೊತ್ತು ಸಿಗುತ್ತಿತ್ತು. ವೇಗ ಏರಿದಾಗ ಗುದ್ದು ದೊಡ್ಡದಾಯಿತು, ಪುರುಸೊತ್ತೂ ಹೋಯಿತು.

ಹೊಸ ಗೆರೆ ಪುಕ್ಕಟೆ ಸಿಗುವುದಿಲ್ಲ. ಶುರುವಿನಲ್ಲಿ, ಕೊನೆಯಲ್ಲಿ ಮೆಲ್ಲಗೆ ಹೋಗುವುದರಿಂದ ನಡುವೆ ಜೋರಾಗಿ ಓಡಲೇಬೇಕು. ಗರಿಷ್ಠ ವೇಗ ಸೆಕೆಂಡಿಗೆ 0.94 ಮೀಟರಿನಿಂದ 1.2ಕ್ಕೆ ಏರಿತು. ಆಗ ಕ್ಯಾಮಿನ ಗೋಡೆ ಕಡಿದಾಗುತ್ತದೆ, ಗೋಡೆ ರೋಲರನ್ನು ತಳ್ಳುವ ದಿಕ್ಕಿಗೂ ರೋಲರ್ ಚಲಿಸುವ ದಿಕ್ಕಿಗೂ ನಡುವಿನ ಕೋನ, ಅಂದರೆ ಪ್ರೆಶರ್ ಆಂಗಲ್ ಹೆಚ್ಚುತ್ತದೆ. ಏರಿಕೆಯ ಶುರುವಿನಲ್ಲಿ ರೋಲರ್ ಸೆಂಟರ್ 60 ಮಿ.ಮೀ. ತ್ರಿಜ್ಯದಲ್ಲಿತ್ತು. ನಡು ಏರಿಕೆಯಲ್ಲಿ ಆಂಗಲ್ 22 ಡಿಗ್ರಿಯಿಂದ 27ಕ್ಕೆ ಹೋಯಿತು. ಕ್ಯಾಮನ್ನು ಹಿಂಬಾಲಿಸಿ ನೇರವಾಗಿ ಜಾರುವ ಭಾಗಕ್ಕೆ, ಅಂದರೆ ಫಾಲೋವರಿಗೆ 30 ಡಿಗ್ರಿ ದಾಟಬಾರದು ಎಂದು ಸಾಮಾನ್ಯವಾಗಿ ಹಿಡಿಯುತ್ತೇವೆ, ದಾಟಿದರೆ ಗೈಡ್ ಬುಷ್ ಮೇಲೆ ಪಕ್ಕದ ಒತ್ತಡ ಬಿದ್ದು ಅದು ಬೇಗ ಸವೆಯುತ್ತದೆ. ಇಲ್ಲಿ ಹಿಡಿಸಿತು. ಹಿಡಿಸದಿದ್ದರೆ ಮಾಡಿಫೈಡ್ ಸೈನ್ ಗೆರೆಗೆ ಹೋಗುತ್ತಿದ್ದೆ. ಅದರಲ್ಲಿ ಗರಿಷ್ಠ ವೇಗ ಕಡಿಮೆ, ಆಂಗಲ್ 24ರಲ್ಲೇ ನಿಲ್ಲುತ್ತದೆ. ಅದಕ್ಕೆ ಇನ್ನೊಂದು ಗುಣವಿದೆ: ನಡು ಏರಿಕೆಯಲ್ಲಿ ಆಕ್ಸಿಲರೇಶನ್ ದಿಕ್ಕು ಬದಲಿಸುವಾಗ ಅದು ಮೆತ್ತಗೆ ಬದಲಿಸುತ್ತದೆ. ಗ್ರೂವ್ ಕ್ಯಾಮಿನಲ್ಲಿ ರೋಲರ್ ಒಂದು ಗೋಡೆ ಬಿಟ್ಟು ಇನ್ನೊಂದಕ್ಕೆ ತಾಗುವುದು ಅಲ್ಲೇ ಅಲ್ವಾ?

ಇನ್ನು ತಯಾರಿಕೆ. ನಿಜವಾದ ಕಷ್ಟ ಇಲ್ಲಿದೆ. ಸೈಕ್ಲಾಯ್ಡಲ್ ಗೆರೆ ಮೊದಲ 4.5 ಡಿಗ್ರಿಯಲ್ಲಿ ಏರುವುದು ಬರೀ 25 ಮೈಕ್ರಾನ್. ಮಷೀನಿಂಗ್ ತಪ್ಪೇ 20 ಮೈಕ್ರಾನ್ ಇದ್ದರೆ ಆ ನಯವಾದ ಶುರು ಲೋಹದಲ್ಲಿ ಇರುವುದೇ ಇಲ್ಲ, ಡ್ರಾಯಿಂಗಿನಲ್ಲಿ ಮಾತ್ರ ಇರುತ್ತದೆ. ಅದಕ್ಕಿಂತ ಮೋಸ ಮಾಡುವುದು ಮೇಲ್ಮೈಯ ಸಣ್ಣ ಅಲೆ. ಪ್ರತಿ 5 ಡಿಗ್ರಿಗೊಮ್ಮೆ ಸರಿಯಾದ ಗೆರೆಯಿಂದ 5 ಮೈಕ್ರಾನ್ ಮೇಲೆ, 5 ಮೈಕ್ರಾನ್ ಕೆಳಗೆ ಹೋಗುವ ಅಲೆ ಇದೆ ಅಂತಿಟ್ಟುಕೊಳ್ಳಿ, ಬೆರಳಿಗೆ ಸಿಗುವುದಿಲ್ಲ. 300 ಸುತ್ತಿನಲ್ಲಿ ಅದು 360 ಹರ್ಟ್ಸ್‌ನಲ್ಲಿ ಸುಮಾರು 26 ಮೀ/ಸೆ² ಆಕ್ಸಿಲರೇಶನ್ ಸೇರಿಸುತ್ತದೆ. ಡಿಸೈನಿನ ಗರಿಷ್ಠದ ಮೂರನೇ ಒಂದು ಭಾಗ! ಸ್ಥಾನದ ತಪ್ಪು ಎರಡು ಸಲ ಡಿಫರೆನ್ಷಿಯೇಟ್ ಆಗುವಾಗ ಹೀಗೆ ಬೆಳೆಯುತ್ತದೆ.

ಅದಕ್ಕೇ ಕ್ಯಾಮ್ ಕೊರೆಯುವವರಿಗೆ ಪಾಯಿಂಟ್ ಟೇಬಲ್ ಕಳಿಸುವ ಮುಂಚೆ ನಾನು ಅದೇ ಟೇಬಲ್‌ನಿಂದ ಆಕ್ಸಿಲರೇಶನ್ ವಾಪಸ್ ತೆಗೆದು ಗ್ರಾಫ್ ನೋಡುತ್ತೇನೆ:

```
a[i] = (s[i+1] - 2*s[i] + s[i-1]) / dt**2
```

ಒಂದೊಂದು ಡಿಗ್ರಿಗೆ ಪಾಯಿಂಟ್ ಕೊಟ್ಟು, ಮಿ.ಮೀ.ಗೆ ಎರಡೇ ದಶಮಾಂಶ ಇಟ್ಟರೆ, ರೌಂಡ್ ಮಾಡಿದ್ದರಿಂದಲೇ 65 ಮೀ/ಸೆ² ತನಕ ಗದ್ದಲ ಸೇರಬಹುದು. ಗ್ರಾಫ್ ಮುಳ್ಳುಹಂದಿಯಂತೆ ಕಾಣುತ್ತದೆ. ನಾಲ್ಕು ದಶಮಾಂಶ ಇಟ್ಟರೆ ಅದು ಒಂದಕ್ಕಿಂತ ಕೆಳಗೆ ಇಳಿಯುತ್ತದೆ. ಪಾಯಿಂಟುಗಳನ್ನು ನೇರ ಗೆರೆಯಲ್ಲಿ ಸೇರಿಸದೆ ಸ್ಪ್ಲೈನ್‌ನಲ್ಲಿ ಸೇರಿಸಬೇಕು ಎಂದೂ ಬರೆದು ಕೊಟ್ಟೆ. ಗೋಡೆಗಳನ್ನು ಗ್ರೈಂಡ್ ಮಾಡಿಸಿ, ಮತ್ತೆ ಡಯಲ್ ಗೇಜ್ ಹಿಡಿದು ಏರಿಕೆಯ ಮೊದಲ ಹತ್ತು ಡಿಗ್ರಿ, ಕೊನೆಯ ಹತ್ತು ಡಿಗ್ರಿಯನ್ನು ಬಿಡದೆ ನೋಡಿದೆ.

ಹೊಸ ಕ್ಯಾಮ್ ಹಾಕಿ 300 ಸುತ್ತಿಗೆ ಏರಿಸಿದಾಗ ಕಟಕಟ ಹೋಗಿತ್ತು. ನಿಲುಗಡೆಯಲ್ಲಿ 80 ಹರ್ಟ್ಸ್ ಅಲೆ ಇನ್ನೂ ಇತ್ತು, ಆದರೆ ಚಿಕ್ಕದು. ಮುಂದಿನ ಪೆಟ್ಟಿಗೆ ಬರುವ ಮುಂಚೆ ಅದು ಅಡಗುತ್ತಿತ್ತು, ಪೆಟ್ಟಿಗೆಗಳು ನೇರವಾಗಿ ಕೂರತೊಡಗಿದವು.

ಇನ್ನೂ ವೇಗ ಹೆಚ್ಚಿಸಬಹುದೇ ಎಂದು ಕೇಳಿದಾಗ ನಾನು ಮತ್ತೆ ಅದೇ `n` ಲೆಕ್ಕ ಹಾಕಿ ತೋರಿಸಿದೆ. 600 ಸುತ್ತಿಗೆ ಅದು 2, 800ಕ್ಕೆ 1.5. ಅಷ್ಟು ಕೆಳಗೆ ಬಂದರೆ ಏರಿಕೆಯ ಸಮಯ ತೋಳಿನ ತೂಗಾಟದ ಸಮಯಕ್ಕೆ ಹತ್ತಿರವಾಗಿರುತ್ತದೆ, ಸೈಕ್ಲಾಯ್ಡಲ್‌ನ ಉಳಿಕೆ ಹಾರ್ಮೋನಿಕ್‌ನದಕ್ಕಿಂತಲೂ ಜಾಸ್ತಿಯಾಗಬಹುದು. ಅಲ್ಲಿ ಯಾವ ಗೆರೆ ಹಾಕಿದರೂ ಪ್ರಯೋಜನವಿಲ್ಲ, ತೋಳನ್ನೇ ಗಿಡ್ಡ ಮಾಡಬೇಕು, ಪ್ಲೇಟಿನ ತೂಕ ಇಳಿಸಬೇಕು, ಇಲ್ಲವೇ ಏರಿಕೆಗೆ 90ರ ಬದಲು 120 ಡಿಗ್ರಿ ಬಿಡಬೇಕು. ಈ ಮೂರರಲ್ಲಿ ನಾನು ಮೊದಲು ಡಿಗ್ರಿ ಕೇಳುತ್ತೇನೆ. ಟೈಮಿಂಗ್ ಚಾರ್ಟಿನಲ್ಲಿ ಸುಮ್ನೆ ನಿಂತಿರುವ ಹತ್ತಿಪ್ಪತ್ತು ಡಿಗ್ರಿ ಎಲ್ಲಾದರೂ ಇದ್ದೇ ಇರುತ್ತದೆ, ಅದನ್ನು ಏರಿಕೆಗೆ ಕೊಡಿಸಿದರೆ ಆಕ್ಸಿಲರೇಶನ್ ಇಳಿಯುತ್ತದೆ, ಪ್ರೆಶರ್ ಆಂಗಲ್ ಇಳಿಯುತ್ತದೆ, `n` ಕೂಡ ಏರುತ್ತದೆ.