ಮೊದಲ ಎರಡು ಸಾಲುಗಳ ಹಿಂದೆ ಒಂದೇ ಕಾರಣ

ನಾನು ಕ್ವಾಲಿಟಿ ನೋಡಿಕೊಳ್ಳುತ್ತಿದ್ದ ಲೈನಿನಲ್ಲಿ ಇಂಜೆಕ್ಷನ್ ಮೌಲ್ಡಿಂಗ್ ಯಂತ್ರದಿಂದ ಪ್ಲಾಸ್ಟಿಕ್ ಮುಚ್ಚಳಗಳು ಬರುತ್ತಿದ್ದವು. ಮೌಲ್ಡಿಗೆ ನಾಲ್ಕು ಕ್ಯಾವಿಟಿ, ಅಂದರೆ ಒಂದು ಶಾಟ್‌ಗೆ ನಾಲ್ಕು ಪೀಸು. ಎಷ್ಟು ರಿಜೆಕ್ಟ್ ಆಯಿತು ಎಂಬ ಲೆಕ್ಕ ಪ್ರತಿ ಶಿಫ್ಟಿನಲ್ಲೂ ಇತ್ತು, ಯಾಕೆ ರಿಜೆಕ್ಟ್ ಆಯಿತು ಎಂಬುದು ಮಾತ್ರ ಎಲ್ಲೂ ಇರಲಿಲ್ಲ.

ಹಾಗಾಗಿ ಒಂದು ಟ್ಯಾಲಿ ಹಾಳೆ ಮಾಡಿದೆ. ಎಡಗಡೆ ದೋಷದ ಹೆಸರು, ಮೇಲೆ ಕ್ಯಾವಿಟಿ ನಂಬರ್, ತಲೆಯಲ್ಲಿ ಯಂತ್ರ, ಶಿಫ್ಟ್ ಮತ್ತು ಪರೀಕ್ಷಿಸಿದ ಒಟ್ಟು ಪೀಸು. ಕ್ಯಾವಿಟಿ ನಂಬರ್ ಪೀಸಿನ ಒಳಬದಿಯಲ್ಲೇ ಅಚ್ಚಾಗಿರುತ್ತದೆ, ತಿರುಗಿಸಿ ನೋಡಿದರೆ ಸಾಕು. ದೋಷ ಕಂಡಾಗ ಆ ಮನೆಯಲ್ಲಿ ಒಂದು ಗೀಟು, ಐದನೆಯದು ಅಡ್ಡಗೀಟು.

ಹೆಚ್ಚು ಹೊತ್ತು ಹಿಡಿದದ್ದು ಹೆಸರುಗಳನ್ನು ಗಟ್ಟಿ ಮಾಡುವುದು. ಅಂಚಿನಲ್ಲಿ ತೆಳುವಾಗಿ ಹೊರಚಾಚಿದ ಪ್ಲಾಸ್ಟಿಕ್ಕನ್ನು ಒಬ್ಬರು ಫ್ಲ್ಯಾಷ್ ಎಂದರೆ ಇನ್ನೊಬ್ಬರು ‘ಫಿನಿಶಿಂಗ್ ಸರಿಯಿಲ್ಲ’ ಎಂದು ಇತರೆಗೆ ಹಾಕುತ್ತಿದ್ದರು. ಪ್ರತಿ ದೋಷದ ಒಂದು ನಿಜವಾದ ಪೀಸನ್ನು, ‘ಇಲ್ಲಿಯವರೆಗೆ ಪಾಸ್’ ಎನ್ನುವ ಇನ್ನೊಂದು ಪೀಸಿನ ಜೊತೆ ಹಲಗೆಗೆ ಅಂಟಿಸಿ ಟೇಬಲ್ ಪಕ್ಕದಲ್ಲಿಟ್ಟೆ. ಇಬ್ಬರಿಗೆ ಒಂದೇ ಟ್ರೇ ಕೊಟ್ಟು ಬೇರೆ ಬೇರೆ ಎಣಿಸಲು ಹೇಳಿದೆ. ಎರಡು ಹಾಳೆಗಳು ಹೆಚ್ಚುಕಡಿಮೆ ಹೊಂದಿಕೊಂಡ ಮೇಲೆಯೇ ಲೆಕ್ಕ ಶುರು ಮಾಡಿದ್ದು. ಒಂದೇ ಪೀಸಿನಲ್ಲಿ ಎರಡು ದೋಷವಿದ್ದರೆ ಎರಡು ಗೀಟು. ರಿಜೆಕ್ಟ್ ಆದ ಪೀಸಿನ ಎಣಿಕೆ ಬೇರೆಯೇ. ಇವೆರಡನ್ನು ಕಲಸಿದರೆ ಶೇಕಡಾವಾರಿಗೆ ಅರ್ಥವೇ ಇರುವುದಿಲ್ಲ.

ಒಂದು ವಾರದ ಹಾಳೆಗಳನ್ನು ಕೂಡಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದಾಗ ಬಂದದ್ದು ಇದು:

| ದೋಷ | ಎಣಿಕೆ | ಶೇಕಡಾ | ಕೂಡುತ್ತಾ ಹೋದ ಶೇಕಡಾ |
|---|---|---|---|
| ಶಾರ್ಟ್ ಶಾಟ್ (ಪೂರ್ತಿ ತುಂಬದ ಪೀಸು) | 148 | 37 | 37 |
| ಫ್ಲ್ಯಾಷ್ | 92 | 23 | 60 |
| ಗೀರು | 64 | 16 | 76 |
| ಸಿಂಕ್ ಮಾರ್ಕ್ (ಮೇಲ್ಮೈ ಕುಳಿ) | 44 | 11 | 87 |
| ಕಪ್ಪು ಚುಕ್ಕೆ | 20 | 5 | 92 |
| ಇತರೆ | 32 | 8 | 100 |
| ಒಟ್ಟು | 400 | 100 | |

ಕೊನೆಯ ಕಾಲಮ್ಮಿಗೆ ಶೀಟಿನಲ್ಲಿ ಈ ಸೂತ್ರ ಹಾಕಿ ಕೆಳಗೆ ಎಳೆದು, ಶೇಕಡಾ ರೂಪಕ್ಕೆ ಬದಲಿಸಿದೆ:

```
=SUM(B$2:B2)/B$8
```

‘ಇತರೆ’ ಕಪ್ಪು ಚುಕ್ಕೆಗಿಂತ ದೊಡ್ಡದಾದರೂ ಅದರ ಜಾಗ ಕೊನೆಯಲ್ಲೇ, ಏಕೆಂದರೆ ಅದು ಒಂದು ದೋಷವಲ್ಲ, ಚಿಲ್ಲರೆಗಳ ಗುಂಪು. ಅದೇ ಮೊದಲ ಮೂರರೊಳಗೆ ಬಂದರೆ ಹೆಸರುಗಳ ವಿಂಗಡಣೆ ಸರಿಯಾಗಿಲ್ಲ ಎಂದೇ ತಿಳಿಯಬೇಕು.

ಪಟ್ಟಿ ನೋಡಿದ ಕೂಡಲೇ ಶಾರ್ಟ್ ಶಾಟ್‌ಗೆ ಒಬ್ಬರು, ಫ್ಲ್ಯಾಷ್‌ಗೆ ಇನ್ನೊಬ್ಬರು ಎಂದು ಹಂಚಿಬಿಡುವ ಆತುರ ಎಲ್ಲರಿಗೂ ಇತ್ತು. ಆದರೆ ಪಟ್ಟಿಯಲ್ಲಿರುವುದು ದೋಷದ ಹೆಸರು, ಕಾರಣವಲ್ಲ. ಮೊದಲ ಸಾಲನ್ನು ಕ್ಯಾವಿಟಿವಾರು ಒಡೆದು ನೋಡಿದೆ: 1ರಲ್ಲಿ 14, 2ರಲ್ಲಿ 18, 3ರಲ್ಲಿ 97, 4ರಲ್ಲಿ 19. ಕಚ್ಚಾಮಾಲು ಅಥವಾ ಪ್ಲಾಸ್ಟಿಕ್ ಕರಗಿಸುವ ಬ್ಯಾರೆಲ್ ಬಿಸಿಯ ತೊಂದರೆಯಾಗಿದ್ದರೆ ನಾಲ್ಕರಲ್ಲೂ ಹರಡಿರಬೇಕಿತ್ತು. ಒಂದೇ ಕಡೆ ಗುಡ್ಡೆ ಬಿದ್ದಿದೆ ಎಂದರೆ ಹುಳುಕು ಮೌಲ್ಡಿನಲ್ಲಿದೆ. ಫ್ಲ್ಯಾಷ್ ಒಡೆದಾಗ ಚಿತ್ರ ತಿರುಗುಮುರುಗು: 1, 2, 4ರಲ್ಲೇ ಹೆಚ್ಚುಕಡಿಮೆ ಎಲ್ಲವೂ, 3ರಲ್ಲಿ ಬೆರಳೆಣಿಕೆಯಷ್ಟು.

ಆಗ ಎರಡೂ ಒಂದೇ ಕಥೆ ಎಂಬುದು ಹೊಳೆಯಿತು. ಆಪರೇಟರನ್ನು ಕೇಳಿದೆ. “ಮೂರನೆಯದು ತುಂಬ್ತಿರ್ಲಿಲ್ಲ ಸಾರ್, ಅದಕ್ಕೇ ಪ್ರೆಶರ್ ಸ್ವಲ್ಪ ಏರಿಸಿದ್ದೆ” ಎಂದರು. ಅವರ ಕೈಯಲ್ಲಿದ್ದ ಉಪಾಯ ಅದೊಂದೇ. ಆ ಹೆಚ್ಚುವರಿ ಒತ್ತಡಕ್ಕೆ ಉಳಿದ ಮೂರು ಕ್ಯಾವಿಟಿಗಳ ಅಂಚಿನಿಂದ ಪ್ಲಾಸ್ಟಿಕ್ ಹೊರಗೆ ಚಿಮ್ಮುತ್ತಿತ್ತು.

3ನೇ ಕ್ಯಾವಿಟಿಯ ಪೀಸುಗಳು ಯಾವಾಗಲೂ ಪ್ಲಾಸ್ಟಿಕ್ ಒಳನುಗ್ಗುವ ಗೇಟಿನಿಂದ ದೂರದ, ಕೊನೆಗೆ ತುಂಬುವ ಮೂಲೆಯಲ್ಲೇ ಅರೆಬರೆಯಾಗಿರುತ್ತಿದ್ದವು, ಅಲ್ಲಿ ತುಸು ಕಂದು ಸುಟ್ಟ ಗುರುತೂ ಇತ್ತು. ಗಾಳಿ ಹೊರಹೋಗದೆ ಸಿಕ್ಕಿಕೊಂಡು ಬಿಸಿಯಾದಾಗ ಹೀಗಾಗುತ್ತದೆ. ಮೌಲ್ಡ್ ಬಿಚ್ಚಿಸಿದಾಗ ಗಾಳಿ ಹೋಗುವ ವೆಂಟಿನಲ್ಲಿ ಜಿಡ್ಡು ಕಟ್ಟಿತ್ತು. ಕೂದಲೆಳೆಗಿಂತ ತೆಳುವಾದ ಗೀರುಗಾಲುವೆ ಅದು, ಮುಚ್ಚಿಕೊಳ್ಳಲು ಹೆಚ್ಚೇನೂ ಬೇಡ. ಟೂಲ್ ರೂಮಿನವರು ತೊಳೆದು ಕೊಟ್ಟರು, ಪ್ರೆಶರನ್ನು ಸೆಟ್ಟಿಂಗ್ ಹಾಳೆಯಲ್ಲಿದ್ದ ಅಂಕೆಗೇ ಇಳಿಸಿದೆವು. ಎರಡನ್ನೂ ಒಟ್ಟಿಗೆ ಮಾಡಲೇಬೇಕಿತ್ತು. ವೆಂಟ್ ಮಾತ್ರ ತೊಳೆದಿದ್ದರೆ ಫ್ಲ್ಯಾಷ್ ಹಾಗೇ ಉಳಿಯುತ್ತಿತ್ತು.

ಮುಂದಿನ ವಾರ ಅದೇ ಹಾಳೆ, ಅದೇ ಹೆಸರುಗಳು. ಉತ್ಪಾದನೆ ಬೇರೆಯಿದ್ದುದರಿಂದ ಬರಿಯ ಎಣಿಕೆಯನ್ನಲ್ಲ, ಪರೀಕ್ಷಿಸಿದ ಪ್ರತಿ ಸಾವಿರ ಪೀಸಿಗೆ ಎಷ್ಟು ದೋಷ ಎಂಬುದನ್ನು ಹೋಲಿಸಿದೆ. ಶಾರ್ಟ್ ಶಾಟ್ ಮತ್ತು ಫ್ಲ್ಯಾಷ್ ಎರಡೂ ಕೆಳಗಿಳಿದಿದ್ದವು. ಗೀರು ಮೇಲೇರಿ ಮೊದಲ ಸಾಲಿಗೆ ಬಂತು, ಆದರೆ ಸಾವಿರಕ್ಕೆ ಲೆಕ್ಕ ಹಾಕಿದರೆ ಅದು ಹೆಚ್ಚಿರಲಿಲ್ಲ. ಶೇಕಡಾ ಕಾಲಮ್ಮನ್ನಷ್ಟೇ ನೋಡಿದವರು ಗೀರು ಜಾಸ್ತಿಯಾಗಿದೆ ಎಂದು ಗಾಬರಿಬಿದ್ದರು.

ಗೀರನ್ನು ಕ್ಯಾವಿಟಿವಾರು ಒಡೆದರೆ ಏನೂ ಸಿಗಲಿಲ್ಲ, ನಾಲ್ಕರಲ್ಲೂ ಸಮ. ಅದು ಮೌಲ್ಡಿನಿಂದ ಹೊರಬಿದ್ದ ಮೇಲೆ ಆಗುವ ದೋಷವಲ್ಲವೇ? ಅದಕ್ಕೆ ಹಾಳೆಯ ಮೇಲುಸಾಲನ್ನೇ ಬದಲಿಸಿ, ಕ್ಯಾವಿಟಿ ನಂಬರ್ ಇದ್ದಲ್ಲಿ ಬೀಳುವ ತೊಟ್ಟಿ, ಬೆಲ್ಟ್, ಟ್ರೇ ಎಂದು ಬರೆದೆ. ಮೂರೂ ಜಾಗದಿಂದ ಪೀಸು ತೆಗೆದು ಎಣಿಸತೊಡಗಿದೆವು.